ಮೆಷಿನ್ಸ್ ಲೆಕ್ಕಕ್ಕೆ ಆರು ಖಾನೆಗಳ ಟೆಂಪ್ಲೇಟ್: ಸೂತ್ರಕ್ಕಿಂತ ಮೊದಲು ‘ಎಲ್ಲಿಯದು’ ಬರೆಯಿರಿ

ಪ್ರಶ್ನೆ: ಸರ್, ಎಲೆಕ್ಟ್ರಿಕಲ್ ಮೆಷಿನ್ಸ್‌ನಲ್ಲಿ ಥಿಯರಿ ಅರ್ಥವಾಗುತ್ತೆ, ಸೂತ್ರಗಳೂ ಬಾಯಿಗೆ ಬರುತ್ತೆ. ಆದರೆ ಲೆಕ್ಕ ಎದುರಿಗೆ ಬಂದಾಗ ಯಾವ ಸೂತ್ರ ಹಾಕಬೇಕು ಅಂತ ತಿಳಿಯಲ್ಲ. ಹಾಕಿದರೂ ಉತ್ತರ ಎರಡು ಪಟ್ಟೋ ಹತ್ತು ಪಟ್ಟೋ ತಪ್ಪಿರುತ್ತೆ. ಯಾವ ಮೆಷಿನ್‌ಗಾದರೂ ತುಂಬಿಕೊಂಡು ಹೋಗಬಹುದಾದ ಒಂದು ಟೆಂಪ್ಲೇಟ್ ಕೊಡ್ತೀರಾ? ಇಂಡಕ್ಷನ್ ಮೋಟರ್ ಲೆಕ್ಕ ಒಂದನ್ನು ಅದರಲ್ಲಿ ಮಾಡಿ ತೋರಿಸಿ.

ಉತ್ತರ: ಮೊದಲು ಖಾಲಿ ಟೆಂಪ್ಲೇಟ್ ಕೊಡುತ್ತೇನೆ. ಇದನ್ನು ಹಾಗೆಯೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ.

```
1. ಕೇಳಿದ್ದು : ಏನು | ಮೆಷಿನ್‌ನ ಯಾವ ಜಾಗದಲ್ಲಿ | ಯಾವ ಯೂನಿಟ್‌ನಲ್ಲಿ
2. ಕೊಟ್ಟದ್ದು : ಚಿಹ್ನೆ | ಕೊಟ್ಟ ಬೆಲೆ | ಮೂಲ ಯೂನಿಟ್‌ನಲ್ಲಿ | ಎಲ್ಲಿಯದು
3. ಊಹೆ    : ಪ್ರಶ್ನೆ ಹೇಳದೆ ಬಿಟ್ಟದ್ದು, ನಾನು ಒಪ್ಪಿಕೊಂಡದ್ದು
4. ದಾರಿ    : ಪವರ್ ಹರಿಯುವ ಸಾಲು, ಅದರ ಮೇಲೆ ಗುರುತುಗಳು
5. ಸೂತ್ರ   : ಸೂತ್ರ | ಅದಕ್ಕೆ ಏನೇನು ಬೇಕು | ಯೂನಿಟ್ ಸಾಲು | ಬೆಲೆ
6. ತಾಳೆ    : ಇನ್ನೊಂದು ದಾರಿಯ ಉತ್ತರ | ಅಳತೆಯ ಅಂದಾಜು
```

ಇದರಲ್ಲಿ ಹೆಚ್ಚು ಕೆಲಸ ಮಾಡುವುದು ಎರಡನೇ ಖಾನೆಯ ಕೊನೆಯ ಕಾಲಂ, ‘ಎಲ್ಲಿಯದು’. ನಿಮ್ಮ ಎರಡೂ ತೊಂದರೆಗಳ ಬೇರು ಅಲ್ಲಿದೆ. ಮೂರು ಫೇಸ್‌ನ ಮೋಟರ್‌ನಲ್ಲಿ 35 ಆಂಪಿಯರ್ ಎಂದಷ್ಟೇ ಹೇಳಿದರೆ ಅದು ಲೈನ್ ಕರೆಂಟೋ ಫೇಸ್ ಕರೆಂಟೋ ತಿಳಿಯುವುದಿಲ್ಲ. 20 ಕಿಲೋವ್ಯಾಟ್ ಎಂದರೆ ಸ್ಟೇಟರ್‌ಗೆ ಹೋದದ್ದೋ, ಏರ್ ಗ್ಯಾಪ್ ದಾಟಿದ್ದೋ, ಶಾಫ್ಟ್‌ನಲ್ಲಿ ಸಿಕ್ಕಿದ್ದೋ ತಿಳಿಯುವುದಿಲ್ಲ. ಮೆಷಿನ್ಸ್‌ನ ಸೂತ್ರಗಳೆಲ್ಲ ಒಂದೊಂದು ಜಾಗಕ್ಕೆ ಕಟ್ಟುಬಿದ್ದಿವೆ. ಹಾಗಾಗಿ ಕೈಯಲ್ಲಿರುವ ಅಂಕಿ ಎಲ್ಲಿಯದು, ಕೇಳಿರುವ ಅಂಕಿ ಎಲ್ಲಿಯದು ಎಂದು ಬರೆದುಕೊಂಡರೆ ಮಧ್ಯದಲ್ಲಿ ಬೇಕಾದ ಸೂತ್ರಗಳು ಎರಡೋ ಮೂರೋ ಮಾತ್ರ ಉಳಿಯುತ್ತವೆ.

ಈಗ ಲೆಕ್ಕಕ್ಕೆ ಬರೋಣ.

*415 ವೋಲ್ಟ್, 50 ಹರ್ಟ್ಜ್, 4 ಪೋಲ್‌ನ ಡೆಲ್ಟಾ ಜೋಡಣೆಯ ಮೂರು ಫೇಸ್ ಇಂಡಕ್ಷನ್ ಮೋಟರ್ ಒಂದು ಲೋಡ್‌ನಲ್ಲಿ 1440 ಆರ್‌ಪಿಎಂನಲ್ಲಿ ತಿರುಗುತ್ತಿದೆ. ಆಗ ಅದು 0.86 ಲ್ಯಾಗಿಂಗ್ ಪವರ್ ಫ್ಯಾಕ್ಟರ್‌ನಲ್ಲಿ 35 ಆಂಪಿಯರ್ ಎಳೆಯುತ್ತದೆ. ಸ್ಟೇಟರ್‌ನ ಎರಡು ಟರ್ಮಿನಲ್‌ಗಳ ನಡುವೆ ಅಳೆದ ರೆಸಿಸ್ಟೆನ್ಸ್ 0.6 ಓಮ್. ಸ್ಟೇಟರ್ ಕೋರ್ ಲಾಸ್ 450 ವ್ಯಾಟ್, ಘರ್ಷಣೆ ಮತ್ತು ಗಾಳಿಯ ಲಾಸ್ 0.35 ಕಿಲೋವ್ಯಾಟ್. ಶಾಫ್ಟ್ ಟಾರ್ಕ್ ಮತ್ತು ದಕ್ಷತೆ ಕಂಡುಹಿಡಿಯಿರಿ.*

ಮೊದಲ ಖಾನೆಯಲ್ಲಿ ‘ಟಾರ್ಕ್’ ಎಂದಷ್ಟೇ ಬರೆದು ಮುಂದೆ ಹೋಗಬೇಡಿ. ಈ ಮೋಟರ್‌ನಲ್ಲಿ ಟಾರ್ಕ್ ಎರಡಿದೆ. ಏರ್ ಗ್ಯಾಪ್‌ನಲ್ಲಿ ಹುಟ್ಟುವುದು ಒಂದು. ಘರ್ಷಣೆಗೆ ಸ್ವಲ್ಪ ಕಳೆದುಕೊಂಡು ಶಾಫ್ಟ್‌ನಿಂದ ಲೋಡ್‌ಗೆ ಸಿಗುವುದು ಇನ್ನೊಂದು. ಇಲ್ಲಿ ಕೇಳಿರುವುದು ಎರಡನೆಯದು. ‘ಶಾಫ್ಟ್ ಟಾರ್ಕ್, ಶಾಫ್ಟ್‌ನ ಹೊರತುದಿಯಲ್ಲಿ, ನ್ಯೂಟನ್-ಮೀಟರ್’ ಎಂದು ಪೂರ್ತಿ ಬರೆಯಿರಿ. ದಕ್ಷತೆಗೆ ಯೂನಿಟ್ ಇಲ್ಲ, ಶಾಫ್ಟ್ ಪವರನ್ನು ಒಳಹೋದ ಪವರ್‌ನಿಂದ ಭಾಗಿಸಿದರೆ ಆಯಿತು.

ಎರಡನೇ ಖಾನೆ ಹೀಗೆ ತುಂಬುತ್ತದೆ:

```
V_L   415 V      415 V     ಲೈನ್‌ನಿಂದ ಲೈನ್‌ಗೆ
I_L   35 A       35 A      ಲೈನ್ (ಫೇಸ್ ಅಲ್ಲ)
pf    0.86       0.86      ಸ್ಟೇಟರ್ ಇನ್‌ಪುಟ್
R_LL  0.6 ohm    0.6 ohm   ಎರಡು ಟರ್ಮಿನಲ್ ನಡುವೆ (ಫೇಸ್‌ನದಲ್ಲ)
P_c   450 W      450 W     ಸ್ಟೇಟರ್, ಮೂರೂ ಫೇಸ್ ಸೇರಿ
P_fw  0.35 kW    350 W     ರೋಟರ್ ಶಾಫ್ಟ್, ಒಟ್ಟು
N     1440 rpm   150.8 rad/s   ರೋಟರ್
f     50 Hz      50 Hz     ಸ್ಟೇಟರ್
P     4          4         ಪೋಲ್ ಸಂಖ್ಯೆ (ಜೋಡಿ ಅಲ್ಲ)
```

ಯೂನಿಟ್ ಬದಲಾವಣೆಯನ್ನು ಇಲ್ಲೇ ಮುಗಿಸಿಬಿಡಬೇಕು. ಲೆಕ್ಕದ ನಡುವೆ ಕಿಲೋವ್ಯಾಟನ್ನು ವ್ಯಾಟ್ ಮಾಡಲು ಹೊರಟರೆ ಒಂದು ಸಾಲಿನಲ್ಲಿ ಮಾಡಿ ಇನ್ನೊಂದರಲ್ಲಿ ಬಿಟ್ಟುಬಿಡುತ್ತೇವೆ. ಆರ್‌ಪಿಎಂಗೂ ಇದೇ ಮಾತು: 2π ಯಿಂದ ಗುಣಿಸಿ 60 ರಿಂದ ಭಾಗಿಸಿ ರೇಡಿಯನ್/ಸೆಕೆಂಡ್ ಬರೆದಿಡಿ. ಕೊನೆಯ ಸಾಲನ್ನೂ ಗಮನಿಸಿ. ಕೆಲವು ಪುಸ್ತಕಗಳಲ್ಲಿ P ಎಂದರೆ ಪೋಲ್‌ಗಳ ಸಂಖ್ಯೆ, ಕೆಲವದರಲ್ಲಿ p ಎಂದರೆ ಪೋಲ್ ಜೋಡಿಗಳು. 120f/P ಎಂಬ ಸೂತ್ರಕ್ಕೆ ಬೇಕಾದದ್ದು ಪೋಲ್‌ಗಳ ಸಂಖ್ಯೆ, 60f/p ಎಂಬುದಕ್ಕೆ ಜೋಡಿಗಳು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಿದರೆ ಸಿಂಕ್ರೊನಸ್ ಸ್ಪೀಡ್ ನೇರ ದುಪ್ಪಟ್ಟೋ ಅರ್ಧವೋ ಆಗುತ್ತದೆ.

ಮೂರನೇ ಖಾನೆ, ಊಹೆಗಳು. ಇಲ್ಲಿ ಎರಡು ಸಾಲು ಸಾಕು. ರೋಟರ್ ಕೋರ್ ಲಾಸ್ ಲೆಕ್ಕಕ್ಕಿಲ್ಲ, ಏಕೆಂದರೆ ಓಡುವಾಗ ರೋಟರ್‌ನ ಫ್ರೀಕ್ವೆನ್ಸಿ ಸ್ಲಿಪ್ ಗುಣಿಲೆ ಸ್ಟೇಟರ್ ಫ್ರೀಕ್ವೆನ್ಸಿಯಷ್ಟೇ, ಅಂದರೆ ಈ ಮೋಟರ್‌ನಲ್ಲಿ ಬರೀ 2 ಹರ್ಟ್ಜ್. ಎರಡನೆಯದು, 0.6 ಓಮ್ ಎಂಬುದನ್ನು ಮೋಟರ್ ಬಿಸಿಯಾಗಿರುವಾಗಿನ ಬೆಲೆ ಎಂದು ತೆಗೆದುಕೊಂಡಿದ್ದೇನೆ. ಪ್ರಶ್ನೆಯಲ್ಲಿ ‘25 ಡಿಗ್ರಿಯಲ್ಲಿ ಅಳೆದದ್ದು, 75 ಡಿಗ್ರಿಯಲ್ಲಿ ಓಡುತ್ತಿದೆ’ ಎಂದಿದ್ದರೆ ತಾಮ್ರದ ವೈಂಡಿಂಗ್‌ಗೆ (234.5 + 75)/(234.5 + 25), ಅಂದರೆ ಸುಮಾರು 1.19 ರಿಂದ ಗುಣಿಸಬೇಕಿತ್ತು. ಊಹೆಯನ್ನು ಬರೆದಿಟ್ಟರೆ ಉತ್ತರ ಕೀಲಿಯೊಂದಿಗೆ ಹೊಂದದಿದ್ದಾಗ ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ.

ನಾಲ್ಕನೇ ಖಾನೆಯೇ ಸೂತ್ರ ಆರಿಸುವ ಜಾಗ. ಪವರ್ ಹರಿಯುವ ಸಾಲನ್ನು ಬಿಡಿಸಿ:

```
P_in --(ಸ್ಟೇಟರ್ ಕಾಪರ್, ಕೋರ್)--> P_g --(ರೋಟರ್ ಕಾಪರ್)--> P_m --(ಘರ್ಷಣೆ, ಗಾಳಿ)--> P_out
```

ಇದರ ಮೇಲೆ ಎರಡನೇ ಖಾನೆಯ ಒಂದೊಂದು ಅಂಕಿಯನ್ನೂ ಅದರ ಜಾಗದಲ್ಲಿ ಗುರುತು ಮಾಡಿ. ವೋಲ್ಟೇಜ್, ಕರೆಂಟ್, ಪವರ್ ಫ್ಯಾಕ್ಟರ್ ಮೂರೂ ಎಡತುದಿಯಲ್ಲಿ ಕೂರುತ್ತವೆ, ಹಾಗಾಗಿ P_in ಸಿಗುತ್ತದೆ. ರೆಸಿಸ್ಟೆನ್ಸ್ ಮತ್ತು ಕೋರ್ ಲಾಸ್ ಮೊದಲ ಬಾಣದ ಮೇಲೆ. ಸ್ಪೀಡ್‌ನಿಂದ ಸ್ಲಿಪ್, ಸ್ಲಿಪ್‌ನಿಂದ ಎರಡನೇ ಬಾಣ. 350 ವ್ಯಾಟ್ ಮೂರನೆಯದರ ಮೇಲೆ. ಕೇಳಿದ್ದು ಬಲತುದಿಯಲ್ಲಿದೆ. ಸಾಲಿನಲ್ಲಿ ಎಲ್ಲೂ ತುಂಡಾಗಿಲ್ಲ, ಹಾಗಾದರೆ ಎಡದಿಂದ ಬಲಕ್ಕೆ ನಡೆದರೆ ಉತ್ತರ ಸಿಗುತ್ತದೆ.

ಟಾರ್ಕ್ ಎಂಬ ಪದ ಕಂಡ ಕೂಡಲೇ R₂, X₂, E₂ ಇರುವ ದೊಡ್ಡ ಸೂತ್ರ ನೆನಪಾಗುವುದು ಸಹಜ. ಅದಕ್ಕೆ ಏನೇನು ಬೇಕು ಎಂದು ಐದನೇ ಖಾನೆಯಲ್ಲಿ ಬರೆದು ನೋಡಿ. ರೋಟರ್ ರೆಸಿಸ್ಟೆನ್ಸ್, ರೋಟರ್ ರಿಯಾಕ್ಟೆನ್ಸ್, ನಿಂತಿದ್ದಾಗಿನ ರೋಟರ್ ಇಎಂಎಫ್. ಈ ಮೂರರಲ್ಲಿ ಒಂದೂ ಪ್ರಶ್ನೆಯಲ್ಲಿಲ್ಲ, ಪವರ್ ಸಾಲಿನಿಂದ ಹುಟ್ಟಿಸಿಕೊಳ್ಳಲೂ ಬರುವುದಿಲ್ಲ. ಆ ಸೂತ್ರ ಅಲ್ಲಿಗೇ ಬಿದ್ದುಹೋಯಿತು. ತದ್ವಿರುದ್ಧವಾಗಿ, ಆ ಮೂರನ್ನೂ ಕೊಟ್ಟು ಗರಿಷ್ಠ ಟಾರ್ಕ್ ಕೇಳಿದ್ದರೆ ಪವರ್ ಸಾಲಿಗೆ ಹೋಗುವ ಅಗತ್ಯವೇ ಇರುತ್ತಿರಲಿಲ್ಲ. ಸೂತ್ರ ಆರಿಸುವುದೆಂದರೆ ಇಷ್ಟೇ: ಅದು ಕೇಳುವ ಅಂಕಿಗಳು ನಿಮ್ಮ ಸಾಲಿನ ಮೇಲಿವೆಯೇ ಎಂದು ನೋಡುವುದು.

ಐದನೇ ಖಾನೆಯನ್ನು ತುಂಬುತ್ತಾ ಹೋಗೋಣ. ಇನ್‌ಪುಟ್ ಪವರ್:

P_in = √3 × V_L × I_L × pf = √3 × 415 × 35 × 0.86 = 21636 W

ಯೂನಿಟ್ ಸಾಲು ವೋಲ್ಟ್ ಗುಣಿಲೆ ಆಂಪಿಯರ್, ಅಂದರೆ ವ್ಯಾಟ್. ಸರಿ. ಈ √3 ಇರುವ ಸೂತ್ರಕ್ಕೆ ಲೈನ್ ಬೆಲೆಗಳೇ ಬೇಕು. ಬ್ಯಾಲೆನ್ಸ್ಡ್ ಆಗಿದ್ದರೆ ಸ್ಟಾರ್ ಆದರೇನು, ಡೆಲ್ಟಾ ಆದರೇನು, ಇದು ಬದಲಾಗುವುದಿಲ್ಲ.

ಮುಂದಿನದು ಸ್ಟೇಟರ್ ಕಾಪರ್ ಲಾಸ್. ಈ ಲೆಕ್ಕದಲ್ಲಿ ಜಾರಿ ಬೀಳುವ ಜಾಗ ಇದೇ, ಸ್ವಲ್ಪ ನಿಧಾನವಾಗಿ ನೋಡಿ. ‘ಮೂರು ಫೇಸ್, ಆದ್ದರಿಂದ 3I²R’ ಎಂದು 3 × 35² × 0.6 ಹಾಕಿದರೆ 2205 ವ್ಯಾಟ್ ಬರುತ್ತದೆ. ಯೂನಿಟ್ ಸಾಲು ಆಂಪಿಯರ್ ವರ್ಗ ಗುಣಿಲೆ ಓಮ್, ವ್ಯಾಟ್ ಸರಿಯಾಗಿಯೇ ಇದೆ. ಆದರೂ ಉತ್ತರ ತಪ್ಪು. 3I²R ಎಂಬುದಕ್ಕೆ ಫೇಸ್ ಕರೆಂಟ್ ಮತ್ತು ಫೇಸ್ ರೆಸಿಸ್ಟೆನ್ಸ್ ಬೇಕು, ನಾವು ಹಾಕಿದ್ದು ಲೈನ್ ಕರೆಂಟ್ ಮತ್ತು ಟರ್ಮಿನಲ್ ನಡುವಿನ ರೆಸಿಸ್ಟೆನ್ಸ್. ‘ಎಲ್ಲಿಯದು’ ಕಾಲಂ ನೋಡಿದರೆ ಎರಡೂ ಹೊಂದುವುದಿಲ್ಲ.

ಡೆಲ್ಟಾದಲ್ಲಿ ಎರಡು ಟರ್ಮಿನಲ್ ನಡುವೆ ಅಳೆದಾಗ ಮೀಟರ್‌ಗೆ ಕಾಣುವುದು ಒಂದು ಫೇಸ್, ಅದಕ್ಕೆ ಪ್ಯಾರಲಲ್ ಆಗಿ ಸೀರೀಸ್‌ನಲ್ಲಿರುವ ಉಳಿದೆರಡು ಫೇಸ್. R ಮತ್ತು 2R ಪ್ಯಾರಲಲ್ ಆದರೆ (2/3)R. ಅದು 0.6 ಆದ್ದರಿಂದ ಒಂದು ಫೇಸ್‌ನ ರೆಸಿಸ್ಟೆನ್ಸ್ 0.9 ಓಮ್. ಫೇಸ್ ಕರೆಂಟ್ 35/√3 = 20.21 ಆಂಪಿಯರ್. ಆಗ

P_cu1 = 3 × 20.21² × 0.9 ≈ 1102.5 W

ಇದನ್ನು ಸ್ಟಾರ್ ಎಂದುಕೊಂಡು ಮಾಡಿದರೂ ಅಷ್ಟೇ ಬರುತ್ತದೆ. ಸ್ಟಾರ್‌ನಲ್ಲಿ ಟರ್ಮಿನಲ್ ನಡುವೆ ಎರಡು ಫೇಸ್ ಸೀರೀಸ್‌ನಲ್ಲಿರುವುದರಿಂದ ಫೇಸ್‌ಗೆ 0.3 ಓಮ್, ಕರೆಂಟ್ ಪೂರ್ತಿ 35, ಮತ್ತು 3 × 35² × 0.3 = 1102.5. ಹಾಗಾಗಿ ಟರ್ಮಿನಲ್ ನಡುವಿನ ರೆಸಿಸ್ಟೆನ್ಸ್ ಕೊಟ್ಟಾಗಲೆಲ್ಲ 1.5 × I_L² × R_LL ಎಂದು ನೇರವಾಗಿ ಹಾಕಬಹುದು, ಜೋಡಣೆ ಯಾವುದೆಂದು ಹೇಳದೇ ಇದ್ದರೂ ಸರಿ. ಮೊದಲು ಹಾಕಿದ 2205 ಇದರ ಸರಿಯಾಗಿ ಎರಡರಷ್ಟು.

ಏರ್ ಗ್ಯಾಪ್ ದಾಟುವ ಪವರ್:

P_g = 21636 − 1102.5 − 450 ≈ 20083 W

ಸಿಂಕ್ರೊನಸ್ ಸ್ಪೀಡ್ 120 × 50/4 = 1500 ಆರ್‌ಪಿಎಂ, ಸ್ಲಿಪ್ (1500 − 1440)/1500 = 0.04. ಶೇಕಡಾ ರೂಪದಲ್ಲಿ 4 ಎಂದು ಬರೆದುಕೊಂಡರೆ ಮುಂದಿನ ಸಾಲಿನಲ್ಲಿ ರೋಟರ್ ಲಾಸ್ ಇನ್‌ಪುಟ್‌ಗಿಂತ ದೊಡ್ಡದಾಗುತ್ತದೆ, ಆದ್ದರಿಂದ 0.04 ಎಂದೇ ಇಟ್ಟುಕೊಳ್ಳಿ.

ರೋಟರ್ ಕಾಪರ್ ಲಾಸ್ = s × P_g = 0.04 × 20083 ≈ 803 W

P_m = 20083 − 803 = 19280 W

P_out = 19280 − 350 = 18930 W

ಸ್ಲಿಪ್ ಗುಣಿಸುವುದು P_g ಗೆ ಮಾತ್ರ. P_in ಗೆ ಗುಣಿಸಿ 865 ಎಂದು ಬರೆಯುವವರಿದ್ದಾರೆ. ರೋಟರ್‌ಗೆ ತಲುಪದ ಪವರ್‌ನಲ್ಲಿ ರೋಟರ್ ಲಾಸ್ ಹುಡುಕಿದಂತಾಯಿತು ಅದು.

ಕೊನೆಯದು ಶಾಫ್ಟ್ ಟಾರ್ಕ್:

T_sh = P_out/ω_m = 18930/150.8 ≈ 125.5 N·m

ಯೂನಿಟ್ ಸಾಲನ್ನು ಬಿಡಿಸಿ ಬರೆಯೋಣ. ವ್ಯಾಟ್ ಎಂದರೆ ಜೂಲ್/ಸೆಕೆಂಡ್. ಅದನ್ನು ರೇಡಿಯನ್/ಸೆಕೆಂಡ್‌ನಿಂದ ಭಾಗಿಸಿದರೆ ಸೆಕೆಂಡ್ ಹೊಡೆದುಹೋಗುತ್ತದೆ, ರೇಡಿಯನ್‌ಗೆ ಆಯಾಮವಿಲ್ಲ, ಉಳಿಯುವುದು ಜೂಲ್, ಅಂದರೆ ನ್ಯೂಟನ್-ಮೀಟರ್. 1440 ರಿಂದಲೇ ಭಾಗಿಸಿದ್ದರೆ 13.1 ಬರುತ್ತಿತ್ತು. ಸರಿಯುತ್ತರಕ್ಕೂ ಅದಕ್ಕೂ 60/2π, ಅಂದರೆ 9.55 ಪಟ್ಟು ವ್ಯತ್ಯಾಸ. ನಿಮ್ಮ ಉತ್ತರ ಕೀಲಿಗಿಂತ ಹತ್ತರ ಹತ್ತಿರದ ಪಟ್ಟು ಚಿಕ್ಕದಿದ್ದರೆ ಬೇರೆಲ್ಲೂ ಹುಡುಕದೆ ಸ್ಪೀಡ್‌ನ ಸಾಲಿಗೆ ಹೋಗಿ. ಸಿಂಕ್ರೊನಸ್ ಸ್ಪೀಡ್ ಹಾಕಿ 18930/157.1 ಮಾಡಿದರೆ 120.5 ಬರುತ್ತದೆ. ಇದು ಹೆಚ್ಚು ಅಪಾಯದ ತಪ್ಪು, ಏಕೆಂದರೆ ನೋಡಲು ಸರಿಯಿದ್ದಂತೆಯೇ ಇದೆ. ಶಾಫ್ಟ್ ಪವರ್‌ಗೆ ಶಾಫ್ಟ್‌ನ ಸ್ಪೀಡ್, ಏರ್ ಗ್ಯಾಪ್ ಪವರ್‌ಗೆ ಸಿಂಕ್ರೊನಸ್ ಸ್ಪೀಡ್, ಹೀಗೆ ಜೋಡಿ ಕೂಡಿಸಬೇಕು. ಇಲ್ಲಿಯೂ ಕೈಹಿಡಿಯುವುದು ಅದೇ ಕಾಲಂ.

ದಕ್ಷತೆ 18930/21636 = 0.875, ಅಂದರೆ 87.5%.

ಈಗ ಆರನೇ ಖಾನೆ. ಏರ್ ಗ್ಯಾಪ್‌ನಲ್ಲಿ ಹುಟ್ಟಿದ ಟಾರ್ಕನ್ನು ಎರಡು ದಾರಿಯಲ್ಲಿ ತೆಗೆಯಬಹುದು. P_g/ω_s = 20083/157.08 ≈ 127.9, P_m/ω_m = 19280/150.8 ≈ 127.9. ಎರಡೂ ಕೂಡಿದವು. ಇದರಿಂದ ಶಾಫ್ಟ್ ಟಾರ್ಕ್ ಕಳೆದರೆ ಉಳಿಯುವುದು 2.3 ನ್ಯೂಟನ್-ಮೀಟರ್ ಆಸುಪಾಸು. ಘರ್ಷಣೆಯ 350 ವ್ಯಾಟನ್ನು 150.8 ರಿಂದ ಭಾಗಿಸಿದರೂ ಅಷ್ಟೇ. ಆಮೇಲೆ ಲಾಸ್‌ಗಳನ್ನೆಲ್ಲ ಕೂಡಿ: 1102.5 + 450 + 803 + 350 ಸುಮಾರು 2706, ಇನ್‌ಪುಟ್‌ನಿಂದ ಕಳೆದರೆ 18930.

ಆದರೆ ತಾಳೆ ಕೂಡಿತು ಎಂದ ಮಾತ್ರಕ್ಕೆ ಎಲ್ಲ ಸರಿ ಎಂದುಕೊಳ್ಳಬೇಡಿ. ಸ್ಟೇಟರ್ ಕಾಪರ್ ಲಾಸ್‌ಗೆ 2205 ಹಾಕಿದ್ದೀರಿ ಎಂದಿಟ್ಟುಕೊಳ್ಳಿ. ಆಗ P_g 18981 ಆಗುತ್ತದೆ, P_m 18222. ಮೊದಲನೆಯದನ್ನು ω_s ನಿಂದ, ಎರಡನೆಯದನ್ನು ω_m ನಿಂದ ಭಾಗಿಸಿ ನೋಡಿ, ಎರಡೂ 120.8 ಬರುತ್ತವೆ. ತಪ್ಪು ಲೆಕ್ಕವೂ ಪರಸ್ಪರ ಕೂಡಿಬಿಟ್ಟಿತು! ಎರಡು ದಾರಿಗಳೂ P_g ಯಿಂದಲೇ ಹೊರಡುವುದರಿಂದ P_g ಗಿಂತ ಹಿಂದೆ ಆದ ತಪ್ಪು ಅವಕ್ಕೆ ಕಾಣುವುದಿಲ್ಲ. ಒಂದು ತಾಳೆ ಪರೀಕ್ಷಿಸುವುದು ದಾರಿ ಕವಲೊಡೆದ ಜಾಗದಿಂದ ಮತ್ತೆ ಸೇರುವ ಜಾಗದವರೆಗೆ ಮಾತ್ರ. ಹಾಗಾಗಿ ಸ್ಟೇಟರ್ ಭಾಗಕ್ಕೆ ಬೇರೆ ತಾಳೆ ಬೇಕು. ಮೇಲೆ ಡೆಲ್ಟಾ ಮತ್ತು ಸ್ಟಾರ್ ಎರಡರಲ್ಲೂ 1102.5 ಬಂದಿದ್ದು ಆ ತಾಳೆ.

ಯೂನಿಟ್ ತಪಾಸಣೆಗೂ ಹೀಗೇ ಒಂದು ಮಿತಿ ಇದೆ. ಕಿಲೋವ್ಯಾಟ್ ಮರೆತ 1000 ಪಟ್ಟಿನ ತಪ್ಪು, ಆರ್‌ಪಿಎಂ ಮರೆತ 9.55 ಪಟ್ಟಿನ ತಪ್ಪು, ವೋಲ್ಟನ್ನು ಓಮ್‌ನಿಂದ ಗುಣಿಸಿದ ತಪ್ಪು, ಇವೆಲ್ಲ ಯೂನಿಟ್ ಸಾಲಿನಲ್ಲಿ ಸಿಕ್ಕಿಬೀಳುತ್ತವೆ. √3, 3, 2, 1.5 ಇವಕ್ಕೆ ಯೂನಿಟ್ ಇಲ್ಲದ್ದರಿಂದ ಎಷ್ಟು ಸಲ ಯೂನಿಟ್ ನೋಡಿದರೂ ಸಿಗುವುದಿಲ್ಲ. ಲೈನ್ ಮತ್ತು ಫೇಸ್, ಒಂದು ಫೇಸ್ ಮತ್ತು ಒಟ್ಟು, ಪೋಲ್ ಮತ್ತು ಪೋಲ್ ಜೋಡಿ, ಪೀಕ್ ಮತ್ತು ಆರ್‌ಎಂಎಸ್ ಇವುಗಳ ಗೊಂದಲವೆಲ್ಲ ಈ ಗುಂಪಿನದು. ಇವನ್ನು ಹಿಡಿಯುವುದು ‘ಎಲ್ಲಿಯದು’ ಕಾಲಂ ಮಾತ್ರ. ನಿಮ್ಮ ಉತ್ತರಗಳು ‘ಎರಡು ಪಟ್ಟು’ ತಪ್ಪುವುದು ಇಲ್ಲಿಂದ, ‘ಹತ್ತು ಪಟ್ಟು’ ತಪ್ಪುವುದು ಬಹುಮಟ್ಟಿಗೆ ಸ್ಪೀಡ್‌ನಿಂದ.

ಅಳತೆಯ ಅಂದಾಜಿಗೆ ಒಂದೆರಡು ಮಾತು. 18.9 ಕಿಲೋವ್ಯಾಟ್ ಕೊಡುವ ಮೋಟರ್ ಪೂರ್ಣ ಲೋಡ್‌ನಲ್ಲಿ 2 ರಿಂದ 5% ಸ್ಲಿಪ್‌ನಲ್ಲಿ ಓಡುವುದು ವಾಡಿಕೆ, ನಮಗೆ 4% ಬಂದಿದೆ. 0.9 ಓಮನ್ನು ಲೈನ್ ಕರೆಂಟ್‌ನೊಂದಿಗೆ ಹಾಕಿ 3307 ವ್ಯಾಟ್ ತಂದವರಿಗೆ ಸ್ಟೇಟರ್ ಕಾಪರ್ ಒಂದೇ ಇನ್‌ಪುಟ್‌ನ 15% ನುಂಗಿದಂತೆ ಕಾಣುತ್ತದೆ. ಈ ಗಾತ್ರದ ಮೋಟರ್‌ನಲ್ಲಿ ಎಲ್ಲ ಲಾಸ್ ಸೇರಿದರೂ ಸಾಮಾನ್ಯವಾಗಿ ಅಷ್ಟಾಗುವುದಿಲ್ಲ, ಆ ಸಾಲಿಗೆ ಹಿಂದಿರುಗಬೇಕೆಂದು ಅಲ್ಲೇ ತಿಳಿಯುತ್ತದೆ.

ಊಹೆಯ ಖಾನೆಗೆ ಸೇರಬೇಕಾದ ಒಂದು ವಿಷಯ ಉಳಿಯಿತು. ಕೆಲವು ಪ್ರಶ್ನೆಗಳಲ್ಲಿ ಕೋರ್ ಲಾಸನ್ನೂ ಘರ್ಷಣೆಯನ್ನೂ ಒಟ್ಟು ಮಾಡಿ ‘ರೊಟೇಶನಲ್ ಲಾಸ್ 800 ವ್ಯಾಟ್’ ಎಂದು ಕೊಡುತ್ತಾರೆ. ಆಗ ಪೂರ್ತಿ 800 ಅನ್ನು P_m ನಂತರ ಕಳೆಯುವುದು ರೂಢಿ. ನಮ್ಮ ಅಂಕಿಗಳಲ್ಲೇ ಹಾಗೆ ಮಾಡಿದರೆ P_out 18912 ಬರುತ್ತದೆ, 18 ವ್ಯಾಟ್ ಮಾತ್ರ ಕಡಿಮೆ. 450 ವ್ಯಾಟ್ ಈಗ ಏರ್ ಗ್ಯಾಪ್ ದಾಟಿ ಹೋಗುತ್ತಿರುವುದರಿಂದ ಅದರ ಮೇಲೂ 4% ಸ್ಲಿಪ್ ತೆರಬೇಕಾಯಿತು, ಆ 18 ಬಂದದ್ದು ಅಲ್ಲಿಂದ. ದಕ್ಷತೆಗೆ ಇದು ಲೆಕ್ಕಕ್ಕೇ ಬಾರದ ವ್ಯತ್ಯಾಸ. ಆದರೆ ಏರ್ ಗ್ಯಾಪ್ ಟಾರ್ಕ್ 127.9 ಇದ್ದದ್ದು 130.7 ಆಗುತ್ತದೆ. ಕೇಳಿದ್ದು ಆ ಟಾರ್ಕ್ ಆಗಿದ್ದರೆ ಯಾವ ರೂಢಿ ಹಿಡಿದಿರಿ ಎಂದು ಒಂದು ಸಾಲು ಬರೆಯಲೇಬೇಕು.

ಬೇರೆ ಮೆಷಿನ್‌ಗೆ ಇದನ್ನು ಒಯ್ಯುವಾಗ ಬದಲಾಗುವುದು ನಾಲ್ಕನೇ ಖಾನೆಯ ಸಾಲು ಮತ್ತು ‘ಎಲ್ಲಿಯದು’ ಕಾಲಂನ ಪದಗಳು. ಟ್ರಾನ್ಸ್‌ಫಾರ್ಮರ್‌ನಲ್ಲಿ ಆ ಕಾಲಂಗೆ ಹೈ ವೋಲ್ಟೇಜ್ ಬದಿ, ಲೋ ವೋಲ್ಟೇಜ್ ಬದಿ ಎಂಬ ಪದಗಳು ಬರುತ್ತವೆ. ಎರಡು ಬದಿಯ ರೆಸಿಸ್ಟೆನ್ಸ್‌ಗಳನ್ನು ಕೂಡುವ ಮೊದಲು ಒಂದೇ ಬದಿಗೆ ತಂದಿದ್ದೀರಾ ಎಂದು ಅದು ಕೇಳುತ್ತದೆ. ಡಿಸಿ ಶಂಟ್ ಮೋಟರ್‌ನಲ್ಲಿ ಲೈನ್, ಫೀಲ್ಡ್, ಆರ್ಮೇಚರ್ ಎಂಬ ಮೂರು ಜಾಗಗಳು. 220 ವೋಲ್ಟ್‌ನ ಶಂಟ್ ಮೋಟರ್ ಲೋಡ್‌ನಲ್ಲಿ 41 ಆಂಪಿಯರ್ ಎಳೆದು 1000 ಆರ್‌ಪಿಎಂನಲ್ಲಿ ಓಡುತ್ತದೆ, ಲೋಡ್ ಇಲ್ಲದಾಗ 5 ಆಂಪಿಯರ್ ಎಳೆಯುತ್ತದೆ, ಫೀಲ್ಡ್ ರೆಸಿಸ್ಟೆನ್ಸ್ 220 ಓಮ್, ಆರ್ಮೇಚರ್ ರೆಸಿಸ್ಟೆನ್ಸ್ 0.25 ಓಮ್ ಎನ್ನಿ. ಕೊಟ್ಟ ಎರಡೂ ಕರೆಂಟ್ ಲೈನ್‌ನವು. ಫೀಲ್ಡ್‌ನ 1 ಆಂಪಿಯರ್ ಕಳೆದರೆ ಆರ್ಮೇಚರ್‌ನಲ್ಲಿ 40 ಮತ್ತು 4. ಬ್ಯಾಕ್ ಇಎಂಎಫ್ 220 − 40 × 0.25 = 210 ವೋಲ್ಟ್ ಮತ್ತು 220 − 4 × 0.25 = 219 ವೋಲ್ಟ್. ಫ್ಲಕ್ಸ್ ಬದಲಾಗಿಲ್ಲ, ಆರ್ಮೇಚರ್ ರಿಯಾಕ್ಷನ್ ಮತ್ತು ಬ್ರಷ್ ಡ್ರಾಪ್ ಬಿಟ್ಟಿದ್ದೇನೆ ಎಂದು ಮೂರನೇ ಖಾನೆಯಲ್ಲಿ ಬರೆದರೆ ಲೋಡ್ ಇಲ್ಲದ ಸ್ಪೀಡ್ 1000 × 219/210 ≈ 1043 ಆರ್‌ಪಿಎಂ. ಇಲ್ಲಿ ಸ್ಪೀಡ್‌ಗಳ ಅನುಪಾತ ಮಾತ್ರ ಬೇಕಾದ್ದರಿಂದ ಆರ್‌ಪಿಎಂ ಅನ್ನು ಹಾಗೆಯೇ ಬಿಟ್ಟರೂ ನಡೆಯುತ್ತದೆ. ಇದೇ ಮೋಟರ್‌ನ ಟಾರ್ಕ್ ಕೇಳಿದರೆ ಮತ್ತೆ ರೇಡಿಯನ್/ಸೆಕೆಂಡ್‌ಗೆ ತಿರುಗಿಸಿಕೊಳ್ಳಿ.